ಎಸ್ಸೆಸ್ಸೆಲ್ಸಿ ವರ್ಷ ಹೇಳುವ ವಯಸ್ಸು: ನೇಮಕ ಮತ್ತು ಬಡ್ತಿಯಲ್ಲಿ ವಯೋತಾರತಮ್ಯದ ಅಳತೆ

ಸಾರಾಂಶ

ಉದ್ಯೋಗದಲ್ಲಿ ವಯೋತಾರತಮ್ಯ ಎರಡು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ನಿಯಮದಲ್ಲಿ ಬರೆದಿಟ್ಟ ವಯೋಮಿತಿ. ಇನ್ನೊಂದು ಎಲ್ಲೂ ಬರೆಯದೆ, ಅರ್ಜಿ ನೋಡುವವರ ಮನಸ್ಸಿನಲ್ಲಿರುವ ಮಿತಿ. ಇವೆರಡನ್ನೂ ಒಂದೇ ವಿಧಾನದಿಂದ ಅಳೆಯಲಾಗದು. ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರಿನ ಉದ್ಯೋಗಾಕಾಂಕ್ಷಿಗಳನ್ನು ಎದುರಿಗಿಟ್ಟುಕೊಂಡು, ಬೇರೆ ದೇಶಗಳಲ್ಲಿ ರೂಪುಗೊಂಡ ಅಳತೆಯ ವಿಧಾನಗಳು ಇಲ್ಲಿ ಎಲ್ಲಿ ಹೊಂದುತ್ತವೆ, ಎಲ್ಲಿ ಜಾರುತ್ತವೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

1. ಬರೆದ ಮಿತಿ

ಸಂವಿಧಾನದ 16ನೇ ವಿಧಿಯ ಎರಡನೇ ಖಂಡವು ಸರ್ಕಾರಿ ಉದ್ಯೋಗದಲ್ಲಿ ಯಾವ ಆಧಾರಗಳ ಮೇಲೆ ತಾರತಮ್ಯ ಸಲ್ಲದು ಎಂದು ಪಟ್ಟಿ ಮಾಡುತ್ತದೆ: ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಜನ್ಮಸ್ಥಳ, ವಾಸಸ್ಥಳ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಆದ್ದರಿಂದ ವಯೋಮಿತಿ ನಮ್ಮಲ್ಲಿ ತಾರತಮ್ಯವೆನಿಸದೆ ಅರ್ಹತೆಯ ಒಂದು ಷರತ್ತಾಗಿಯೇ ನಡೆದುಬಂದಿದೆ. ಕರ್ನಾಟಕ ನಾಗರಿಕ ಸೇವಾ ಸಾಮಾನ್ಯ ನೇಮಕಾತಿ ನಿಯಮಗಳು, 1977ರ ಪ್ರಕಾರ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಇತರ ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ 40 ವರ್ಷ.

ಸುರೇಬಾನದ ಕಡೆಯ ಹುಡುಗ-ಹುಡುಗಿಯರು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಧಾರವಾಡದ ಕೋಚಿಂಗ್ ಕೇಂದ್ರಗಳಿಗೆ ಹೋಗುವುದು ವಾಡಿಕೆ. ಅಧಿಸೂಚನೆ ಹೊರಡದ ಪ್ರತಿ ವರ್ಷವೂ ಅವರ ಲೆಕ್ಕದಲ್ಲಿ ಒಂದು ವರ್ಷ ಕಳೆದಂತೆ. 2025ರ ಸೆಪ್ಟೆಂಬರ್‌ನಲ್ಲಿ ಅವರಂಥವರು ಧಾರವಾಡದ ಬೀದಿಗಿಳಿದು ನೇಮಕಾತಿ ಮತ್ತು ವಯೋಮಿತಿ ಸಡಿಲಿಕೆಗೆ ಒತ್ತಾಯಿಸಿದರು. ಅದರ ಬೆನ್ನಲ್ಲೇ ಸರ್ಕಾರ ಗರಿಷ್ಠ ವಯಸ್ಸಿನಲ್ಲಿ ಮೂರು ವರ್ಷಗಳ ಸಡಿಲಿಕೆ ನೀಡಿತು.

ಸಂಶೋಧಕರಿಗೆ ಇಂಥ ಸಡಿಲಿಕೆ ಒಂದು ಅಪರೂಪದ ಅವಕಾಶ. ಸಾಮಾನ್ಯ ವರ್ಗದಲ್ಲಿ ಮಿತಿಯೊಳಗೆ ಇದ್ದೇ ಇದ್ದ 34–35ರವರನ್ನೂ ಸಡಿಲಿಕೆಯಿಂದಷ್ಟೇ ಒಳಬಂದ 36–37ರವರನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷೆಯ ಅಂಕ, ಆಯ್ಕೆಯ ಪ್ರಮಾಣ, ಪ್ರೊಬೇಷನರಿ ಅವಧಿಯ ವರದಿಗಳನ್ನು ಹೋಲಿಸಬಹುದು. ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣದಿದ್ದರೆ, 35ಕ್ಕೆ ಗೆರೆ ಎಳೆದದ್ದಕ್ಕೆ ದಕ್ಷತೆಯ ಸಮರ್ಥನೆ ಉಳಿಯುವುದಿಲ್ಲ. ಆದರೆ ಒಂದು ಎಚ್ಚರಿಕೆ ಬೇಕು. ವಯಸ್ಸು ಮೀರಿದ್ದರೂ ಓದು ಬಿಡದೆ ಕಾದವರು ಸಾಮಾನ್ಯಕ್ಕಿಂತ ಹೆಚ್ಚು ಹಟವುಳ್ಳವರಾಗಿರಬಹುದು. ಹಾಗಾಗಿ ಅವರ ಸಾಧನೆಯನ್ನು ಆ ವಯಸ್ಸಿನ ಎಲ್ಲರಿಗೂ ಅನ್ವಯಿಸುವಂತಿಲ್ಲ.

ಇನ್ನೊಂದು ತೊಡಕು ವಯಸ್ಸಿನ ದಾಖಲೆಯದ್ದು. ಹಳ್ಳಿ ಶಾಲೆಗೆ ಹೆಸರು ಹಚ್ಚುವಾಗ ಮಗುವಿನ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಹೆಡ್‌ಮಾಸ್ತರರು ಜೂನ್ 1 ಎಂದು ಬರೆದುಬಿಡುವ ರೂಢಿ ಬಹುಕಾಲ ಇತ್ತು. ಹೀಗೆ ಬರೆದ ವಯಸ್ಸು ನಿಜಕ್ಕಿಂತ ಒಂದೆರಡು ವರ್ಷ ಹೆಚ್ಚು ಅಥವಾ ಕಡಿಮೆ ಆಗಿರಬಹುದು. ಸೇವೆಗೆ ಸೇರಿದವರು ಅದನ್ನು ತಿದ್ದಿಸಿಕೊಳ್ಳುವ ಅವಕಾಶವನ್ನು ರಾಜ್ಯ ನೌಕರರ ವಯೋನಿರ್ಧಾರ ಕುರಿತ 1974ರ ಕಾಯ್ದೆ ಬಿಗಿಯಾಗಿ ಮಿತಗೊಳಿಸಿದೆ. ಮಿತಿಯ ಅಂಚಿನ ಅಭ್ಯರ್ಥಿಗಳನ್ನು ತಿಂಗಳ ಲೆಕ್ಕದಲ್ಲಿ ಹೋಲಿಸುವ ಅಧ್ಯಯನ ಮೊದಲು ಜನ್ಮದಿನಾಂಕಗಳ ಹಂಚಿಕೆಯನ್ನು ನೋಡಬೇಕು. ಜೂನ್ 1ರಂದು ದಿನಾಂಕಗಳು ಗುಂಪುಗಟ್ಟಿದ್ದರೆ, ಆ ತಿಂಗಳ ಸುತ್ತಲಿನ ಹೋಲಿಕೆಯನ್ನು ನಂಬಬಾರದು.

2. ಬರೆಯದ ಮಿತಿ

ಖಾಸಗಿ ನೇಮಕದಲ್ಲಿ ವಯೋತಾರತಮ್ಯವನ್ನು ನಿಷೇಧಿಸುವ ಸಾಮಾನ್ಯ ಕಾನೂನು ಭಾರತದಲ್ಲಿಲ್ಲ. ಹೀಗಾಗಿ ‘ಸೇಲ್ಸ್‌ಗರ್ಲ್ ಬೇಕಾಗಿದ್ದಾರೆ, ವಯಸ್ಸು 20ರಿಂದ 30’ ಎಂಬಂಥ ಜಾಹೀರಾತಿನ ವಯೋಮಿತಿಗೆ ಇಲ್ಲಿ ಅಡ್ಡಿಯಿಲ್ಲ. ಇಂಥ ಜಾಹೀರಾತುಗಳನ್ನು ಎಣಿಸುವುದೇ ಅಳತೆಯ ಮೊದಲ ಹೆಜ್ಜೆ. ಚೀನಾ ಮತ್ತು ಮೆಕ್ಸಿಕೊದ ಉದ್ಯೋಗ ತಾಣಗಳನ್ನು ಅಧ್ಯಯನ ಮಾಡಿದ ಹೆಲ್ಸೆಟರ್, ಕುನ್ ಮತ್ತು ಶೆನ್ (2020) ಒಂದು ವಿನ್ಯಾಸವನ್ನು ಗುರುತಿಸಿದರು: ಕಿರಿಯರು ಬೇಕೆನ್ನುವ ಜಾಹೀರಾತುಗಳು ಹೆಂಗಸರ ಕಡೆ ವಾಲುತ್ತವೆ, ಹಿರಿಯರು ಬೇಕೆನ್ನುವವು ಗಂಡಸರ ಕಡೆ. ವಯಸ್ಸಾಗುವುದರ ಬೆಲೆಯನ್ನು ಹೆಂಗಸರು ಬೇಗ ತೆರುತ್ತಾರೆಂಬುದು ಇದರಿಂದ ತಿಳಿಯುತ್ತದೆ.

ಆದರೆ ಜಾಹೀರಾತಿನಲ್ಲಿ ವಯಸ್ಸು ಬರೆಯದ ಮಾಲೀಕರ ಮನಸ್ಸು ಎಣಿಕೆಗೆ ಸಿಗುವುದಿಲ್ಲ. ಅದಕ್ಕಾಗಿ ರೂಪುಗೊಂಡದ್ದು ಜೋಡಿ ಅರ್ಜಿ ಪ್ರಯೋಗ: ಉಳಿದೆಲ್ಲ ವಿವರ ಸಮನಾಗಿದ್ದು ವಯಸ್ಸು ಮಾತ್ರ ಬೇರೆಯಾದ ಕಲ್ಪಿತ ಅರ್ಜಿಗಳನ್ನು ಕಳಿಸಿ, ಯಾರಿಗೆ ಸಂದರ್ಶನದ ಕರೆ ಬರುತ್ತದೆ ಎಂದು ನೋಡುವುದು. ಭಾರತದಲ್ಲಿ ಥೋರಟ್ ಮತ್ತು ಅಟೆವೆಲ್ (2007) ಇದೇ ವಿಧಾನವನ್ನು ಜಾತಿ-ಧರ್ಮಗಳ ತಾರತಮ್ಯಕ್ಕೆ ಬಳಸಿದರು. ಅಲ್ಲಿ ಸೂಚನೆ ಕೊಟ್ಟದ್ದು ಅರ್ಜಿದಾರರ ಹೆಸರು.

ವಯಸ್ಸಿನ ವಿಷಯದಲ್ಲಿ ಈವರೆಗಿನ ದೊಡ್ಡ ಪ್ರಯೋಗಗಳಲ್ಲೊಂದು ಅಮೆರಿಕದ ನ್ಯೂಮಾರ್ಕ್, ಬರ್ನ್ ಮತ್ತು ಬಟನ್ ಅವರದು (2019). ಅವರು 12 ನಗರಗಳಲ್ಲಿ 13,000ಕ್ಕೂ ಹೆಚ್ಚು ಹುದ್ದೆಗಳಿಗೆ 40,000ಕ್ಕೂ ಹೆಚ್ಚು ಅರ್ಜಿ ಕಳಿಸಿದರು. ಪ್ರತಿ ಹುದ್ದೆಗೂ ಮೂರು ಅರ್ಜಿ. ಅರ್ಜಿದಾರರ ವಯಸ್ಸು ಸುಮಾರು 30, 50 ಮತ್ತು 65. ವಯಸ್ಸನ್ನು ನೇರವಾಗಿ ಬರೆಯದೆ, ಹೈಸ್ಕೂಲು ಮುಗಿಸಿದ ವರ್ಷದಿಂದ ಸೂಚಿಸಿದರು. ಕಚೇರಿ ಸಹಾಯಕಿಯರ ಹುದ್ದೆಗಳಲ್ಲಿ ಕಿರಿಯರಿಗೆ 14.4%, ನಡುವಯಸ್ಸಿನವರಿಗೆ 10.3%, ಹಿರಿಯರಿಗೆ 7.6% ಕರೆ ಬಂತು. ಒಂದು ಕರೆಗೆ ಕಿರಿಯಳು ಏಳು ಅರ್ಜಿ ಹಾಕಿದರೆ ಹಿರಿಯಳು ಹದಿಮೂರು ಹಾಕಬೇಕು. ಗಂಡಸರ ಹುದ್ದೆಗಳಲ್ಲಿ ಫಲಿತಾಂಶ ಇಷ್ಟು ಸ್ಪಷ್ಟವಾಗಿರಲಿಲ್ಲ. ಸ್ವೀಡನ್ನಿನಲ್ಲಿ ಕಾರ್ಲ್‌ಸನ್ ಮತ್ತು ಎರಿಕ್ಸನ್ (2019) ನಡೆಸಿದ ಪ್ರಯೋಗದಲ್ಲಿ ಕುಸಿತ ನಲವತ್ತರ ಆರಂಭದಲ್ಲೇ ಶುರುವಾಗಿ, ಹೆಂಗಸರಲ್ಲಿ ಇನ್ನೂ ಕಡಿದಾಗಿತ್ತು.

ಈ ವಿಧಾನದ ಬಹುದೊಡ್ಡ ಪ್ರಶ್ನೆ ಅನುಭವದ್ದು. 50 ವರ್ಷದವಳಿಗೆ 30ರವಳಷ್ಟೇ ಅನುಭವ ಬರೆದರೆ ‘ಇಷ್ಟು ವರ್ಷ ಏನು ಮಾಡಿದಳು?’ ಎಂಬ ಅನುಮಾನ ಬರುತ್ತದೆ. ವಯಸ್ಸಿಗೆ ತಕ್ಕ ಅನುಭವ ಬರೆದರೆ ಅರ್ಜಿಗಳು ಸಮನಾಗಿ ಉಳಿಯುವುದಿಲ್ಲ. ನ್ಯೂಮಾರ್ಕ್ ತಂಡ ಎರಡೂ ಬಗೆಯ ಅರ್ಜಿ ಕಳಿಸಿ ಈ ತೊಡಕನ್ನು ಅಳತೆಯೊಳಗೇ ತಂದುಕೊಂಡಿತು. ಇನ್ನೊಂದು ಆಕ್ಷೇಪ ಹೆಕ್‌ಮನ್ ಮತ್ತು ಸೀಗಲ್‌ಮನ್ ಎತ್ತಿದ್ದು: ಕಾಗದದಲ್ಲಿ ಕಾಣದ ಗುಣಗಳ ಏರಿಳಿತ ಒಂದು ಗುಂಪಿನಲ್ಲಿ ಹೆಚ್ಚೆಂದು ಮಾಲೀಕರು ಭಾವಿಸಿದರೆ, ತಾರತಮ್ಯವಿಲ್ಲದಿದ್ದರೂ ಕರೆಗಳಲ್ಲಿ ಅಂತರ ಕಾಣಬಹುದು. ಇದಕ್ಕೆ ಸಂಖ್ಯಾಶಾಸ್ತ್ರೀಯ ತಿದ್ದುಪಡಿ ಮಾಡಿದ ಮೇಲೂ ಹೆಂಗಸರ ವಿಷಯದ ಫಲಿತಾಂಶ ಉಳಿಯಿತು.

3. ಇಲ್ಲಿ ಹೇಗೆ ಅಳೆಯಬೇಕು

ಇದೇ ಪ್ರಯೋಗವನ್ನು ನಮ್ಮ ಭಾಗದಲ್ಲಿ ಮಾಡುವುದಾದರೆ ಎಸ್ಸೆಸ್ಸೆಲ್ಸಿ ವರ್ಷವೇ ವಯಸ್ಸಿನ ಸೂಚನೆ. 2025ರಲ್ಲಿ 28ರವಳ ಬಯೋಡೇಟಾದಲ್ಲಿ 2013 ಎಂದೂ 43ರವಳದರಲ್ಲಿ 1998 ಎಂದೂ ಇರುತ್ತದೆ. ಅರವತ್ತರವರನ್ನು ಬಿಟ್ಟು 43ನ್ನು ಆರಿಸಲು ಕಾರಣವಿದೆ. ನಿವೃತ್ತಿ ಹತ್ತಿರವಿದ್ದರೆ ಮಾಲೀಕರು ‘ಎಷ್ಟು ದಿನ ಇರುತ್ತಾಳೆ’ ಎಂದು ಲೆಕ್ಕ ಹಾಕಿಯಾರು. 43ರಲ್ಲಿ ಆ ನೆಪ ನಿಲ್ಲುವುದಿಲ್ಲ.

ಹೆಸರಿನ ಆಯ್ಕೆಯಲ್ಲಿ ಎಚ್ಚರ ತಪ್ಪಿದರೆ ಪ್ರಯೋಗವೇ ಕೆಡುತ್ತದೆ. ಈ ಭಾಗದಲ್ಲಿ ಗಂಗವ್ವ ಎಂದರೆ ಹಿಂದಿನ ತಲೆಮಾರು, ಐಶ್ವರ್ಯಾ ಎಂದರೆ ಈಚಿನದು ಎಂದು ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಹೆಸರಿನ ಜೊತೆ ಜಾತಿ, ಹಳ್ಳಿತನದ ಗುರುತೂ ಬರುತ್ತದೆ. ಆದ್ದರಿಂದ ಎರಡೂ ತಲೆಮಾರುಗಳಲ್ಲಿ ಚಾಲ್ತಿಯಿರುವ ಸವಿತಾ, ಗೀತಾ, ಲಕ್ಷ್ಮೀಯಂಥ ಹೆಸರುಗಳನ್ನು ಆರಿಸಿ, ಯಾವ ಹೆಸರು ಯಾವ ವಯಸ್ಸಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಪ್ರತಿ ಅರ್ಜಿಗೂ ಬೇರೆ ಮೊಬೈಲ್ ನಂಬರು ಇರಬೇಕು. ಕರೆ ಬಂದ ಕೂಡಲೇ ‘ಬೇರೆ ಕಡೆ ಕೆಲಸ ಸಿಕ್ಕಿದೆ’ ಎಂದು ತಿಳಿಸಿ ಮಾಲೀಕರ ಸಮಯ ಉಳಿಸಬೇಕು.

ಎಷ್ಟು ಅರ್ಜಿ ಬೇಕು? ಅಮೆರಿಕದ ಅಂತರವೇ, ಅಂದರೆ 14.4% ಮತ್ತು 7.6%, ಇಲ್ಲೂ ಇದೆ ಎಂದಿಟ್ಟುಕೊಳ್ಳೋಣ. ಅದು ಆಕಸ್ಮಿಕವಲ್ಲ ಎಂದು ರೂಢಿಯ 95% ವಿಶ್ವಾಸದಲ್ಲಿ, 80% ಶೋಧಶಕ್ತಿಯೊಂದಿಗೆ ಹೇಳಲು ಪ್ರತಿ ವಯೋಗುಂಪಿಗೆ ಸುಮಾರು 330 ಅರ್ಜಿ ಬೇಕಾಗುತ್ತದೆ. ಅಂತರ ಇದರ ಅರ್ಧವಾದರೆ ಅರ್ಜಿಗಳು ನಾಲ್ಕು ಪಟ್ಟಿಗೂ ಹೆಚ್ಚಾಗಬೇಕು. ಸುರೇಬಾನ ಅಥವಾ ರಾಮದುರ್ಗದಲ್ಲಿ ಒಂದು ವರ್ಷದಲ್ಲಿ ಬಯೋಡೇಟಾ ಕೇಳುವ ಅಷ್ಟು ಹುದ್ದೆಗಳು ಹೊರಡುವುದಿಲ್ಲ. ಇಲ್ಲಿಯ ಅಂಗಡಿ, ಸೊಸೈಟಿಗಳ ಕೆಲಸ ಬಹುಪಾಲು ಪರಿಚಯದವರ ಮಾತಿನಿಂದ ತುಂಬುತ್ತದೆ. ಆದ್ದರಿಂದ ಪ್ರಯೋಗದ ಕ್ಷೇತ್ರ ಹುಬ್ಬಳ್ಳಿ-ಧಾರವಾಡ, ಬೆಳಗಾವಿಯವರೆಗೆ ಹರಡಬೇಕು; ಅದರ ಫಲಿತಾಂಶ ಅರ್ಜಿಯಿಂದ ನಡೆಯುವ ನೇಮಕಕ್ಕೆ ಮಾತ್ರ ಸಲ್ಲುತ್ತದೆ ಎಂಬುದನ್ನೂ ಒಪ್ಪಬೇಕು. ಮಾತಿನಲ್ಲೇ ಮುಗಿಯುವ ನೇಮಕಕ್ಕೆ ಮನೆಮನೆ ಸಮೀಕ್ಷೆಯೇ ದಾರಿ: ಯಾರು ಯಾವ ವಯಸ್ಸಿನಲ್ಲಿ ಕೆಲಸ ಕೇಳಿದರು, ಏನು ಉತ್ತರ ಸಿಕ್ಕಿತು ಎಂದು ಕೇಳಿ ಬರೆದುಕೊಳ್ಳುವುದು.

4. ಬಡ್ತಿ

ಬಡ್ತಿಗೆ ಕಲ್ಪಿತ ಅರ್ಜಿ ಕಳಿಸಲಾಗದು. ಅಭ್ಯರ್ಥಿ ಒಳಗಿನವರೇ ಆಗಿರುತ್ತಾರೆ. ಅದಕ್ಕೆ ಬಳಕೆಯಲ್ಲಿರುವುದು ಕಡತ ಪ್ರಯೋಗ. ರೋಸನ್ ಮತ್ತು ಜೆರ್ಡಿ (1976) ವ್ಯವಹಾರ ಆಡಳಿತದ ವಿದ್ಯಾರ್ಥಿಗಳಿಗೆ ಅಧಿಕಾರಿಯ ಮೇಜಿನ ಮೇಲಿರುವಂಥ ಪತ್ರಗಳ ಕಟ್ಟು ಕೊಟ್ಟು ನಿರ್ಧಾರ ಬರೆಯಲು ಹೇಳಿದರು. ಪತ್ರದ ಒಕ್ಕಣೆ ಒಂದೇ. ಅರ್ಧ ಜನರ ಕಟ್ಟಿನಲ್ಲಿ ನೌಕರ ಕಿರಿಯ, ಉಳಿದವರದರಲ್ಲಿ ಹಿರಿಯ. ಹಿರಿಯನೆಂದಾಗ ಬಡ್ತಿಯ ಶಿಫಾರಸು ಕಡಿಮೆಯಾಯಿತು, ತರಬೇತಿಯ ಕೋರಿಕೆಗೂ ಬೆಂಬಲ ಕುಗ್ಗಿತು.

ಆ ಎರಡನೆಯದು ಮುಖ್ಯ. ಹಿರಿಯ ನೌಕರರ ಬಗೆಗಿನ ಆರು ಪೂರ್ವಗ್ರಹಗಳನ್ನು 418 ಅಧ್ಯಯನಗಳ ಆಧಾರದಲ್ಲಿ ಪರಿಶೀಲಿಸಿದ ಇಂಗ್ ಮತ್ತು ಫೆಲ್ಡ್‌ಮನ್ (2012) ಅವುಗಳಲ್ಲಿ ಒಂದಕ್ಕೆ ಮಾತ್ರ ಆಧಾರ ಕಂಡರು: ತರಬೇತಿಯತ್ತ ಆಸಕ್ತಿ ತುಸು ಕಡಿಮೆ. ಆದರೆ ಕೇಳಿದಾಗ ಸಿಗದ ತರಬೇತಿಯನ್ನು ಕೆಲಕಾಲದ ಮೇಲೆ ಯಾರೂ ಕೇಳುವುದಿಲ್ಲ. ಬಡ್ತಿಯ ಹೊತ್ತಿಗೆ ಬರುವಾಗ ಅಂತರ ‘ಅರ್ಹತೆ’ಯ ಹೆಸರಿನಲ್ಲಿ ಕಡತ ಸೇರಿರುತ್ತದೆ. ತರಬೇತಿ ಪ್ರಮಾಣಪತ್ರಗಳನ್ನು ಸಮನಾಗಿಟ್ಟು ಬಡ್ತಿಯನ್ನು ಹೋಲಿಸುವ ಸಂಶೋಧಕರು ತಾರತಮ್ಯದ ಫಲವನ್ನೇ ಲೆಕ್ಕದಿಂದ ತೆಗೆದುಬಿಡುತ್ತಾರೆ.

ಈ ತೊಡಕು ಸುರೇಬಾನದಂಥ ಊರಿನಲ್ಲಿ ಸ್ಪಷ್ಟವಾಗಿ ಕಾಣುವುದು ಅಂಗನವಾಡಿಯಲ್ಲಿ. 2022ರ ಕೇಂದ್ರ ಮಾರ್ಗಸೂಚಿ ಕಾರ್ಯಕರ್ತೆಯರ ಅರ್ಧದಷ್ಟು ಹುದ್ದೆಗಳನ್ನು ಐದು ವರ್ಷ ಸೇವೆ ಮಾಡಿದ ಸಹಾಯಕಿಯರ ಬಡ್ತಿಗೆ ಮೀಸಲಿಡುತ್ತದೆ. ಕಾರ್ಯಕರ್ತೆಯ ವಿದ್ಯಾರ್ಹತೆ ಈಗ ಪಿಯುಸಿ. ಹಿಂದಿನ ತಲೆಮಾರಿನ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಪಿಯುಸಿ ಮುಗಿಸಿದವರು ವಿರಳ, ಈಗಿನವರಲ್ಲಿ ಸಾಮಾನ್ಯ. ವಿದ್ಯಾರ್ಹತೆಯ ನಿಯಮದಲ್ಲಿ ವಯಸ್ಸಿನ ಮಾತಿಲ್ಲದಿದ್ದರೂ ವರ್ಷಗಟ್ಟಲೆ ಮಕ್ಕಳಿಗೆ ಊಟ ಬಡಿಸಿ, ಹಾಜರಿ ಕೂಗಿ, ತೂಕ ಹಾಕಿದ ಸಹಾಯಕಿ ಈ ಷರತ್ತಿನಲ್ಲೇ ಹಿಂದೆ ಉಳಿಯಬಹುದು. ಇದು ಪರೋಕ್ಷ ತಾರತಮ್ಯವೇ ಎಂದು ತಿಳಿಯಲು ಎರಡು ಎಣಿಕೆ ಸಾಕು. ಐದು ವರ್ಷ ಸೇವೆ ಪೂರೈಸಿದ ಎಲ್ಲ ಸಹಾಯಕಿಯರನ್ನು ವಯಸ್ಸಿನಂತೆ ವಿಂಗಡಿಸಿ, ಪ್ರತಿ ಗುಂಪಿನಲ್ಲಿ ಎಷ್ಟು ಜನರಿಗೆ ಬಡ್ತಿ ಸಿಕ್ಕಿತೆಂದು ನೋಡುವುದು ಒಂದು. ಅದನ್ನೇ ಪಿಯುಸಿ ಇದ್ದವರಲ್ಲಿ ಮಾತ್ರ ನೋಡುವುದು ಇನ್ನೊಂದು. ಮೊದಲನೆಯದರಲ್ಲಿ ಅಂತರವಿದ್ದು ಎರಡನೆಯದರಲ್ಲಿ ಇಲ್ಲವಾದರೆ ಹಿರಿಯರನ್ನು ತಡೆದದ್ದು ಷರತ್ತು. ಎರಡರಲ್ಲೂ ಇದ್ದರೆ ಆಯ್ಕೆ ಮಾಡಿದವರ ಕೈಯೂ ಅದರಲ್ಲಿದೆ.

5. ಉಪಸಂಹಾರ

ಮಿತಿಯ ಸಡಿಲಿಕೆ, ಜೋಡಿ ಅರ್ಜಿ, ಕಡತ ಪ್ರಯೋಗ, ಸೇವಾ ದಾಖಲೆಯ ಎಣಿಕೆ: ಇವು ತಾರತಮ್ಯ ನಡೆಯುವ ಬೇರೆ ಬೇರೆ ಜಾಗಗಳನ್ನು ಅಳೆಯುತ್ತವೆ, ಒಂದರ ಸಂಖ್ಯೆಯನ್ನು ಇನ್ನೊಂದರ ಉತ್ತರವೆಂದು ತೋರಿಸಬಾರದು. ನಮ್ಮ ಭಾಗದಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಅಂಗನವಾಡಿಯ ಎಣಿಕೆ ಮತ್ತು ಸಡಿಲಿಕೆಯ ಹೋಲಿಕೆ. ಇವೆರಡಕ್ಕೂ ಕಲ್ಪಿತ ಅರ್ಜಿ ಬೇಡ, ಯಾರನ್ನೂ ನಂಬಿಸಬೇಕಿಲ್ಲ. ಬೇಕಾದ ದಾಖಲೆಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲೂ ನೇಮಕಾತಿ ಸಂಸ್ಥೆಗಳಲ್ಲೂ ಸೇರಿಕೊಳ್ಳುತ್ತಲೇ ಇರುತ್ತವೆ. ಹೆಸರು ತೆಗೆದು, ಜನ್ಮವರ್ಷ ಉಳಿಸಿ ಅವನ್ನು ಸಂಶೋಧಕರಿಗೆ ಒದಗಿಸಿದರೆ 35ರ ಗೆರೆಗೆ ಆಧಾರವಿದೆಯೇ ಎಂಬ ಪ್ರಶ್ನೆಗೆ ಅಂಕಿಅಂಶಗಳಿಂದಲೇ ಉತ್ತರ ಹುಡುಕಬಹುದು.