ಡಯಾಪರ್ ಅಳತೆ

ಡಯಾಪರ್‌ನ ಅಳತೆಯನ್ನು ಮಗುವಿನ ವಯಸ್ಸಿಗಿಂತ ತೂಕ ನೋಡಿ ಆರಿಸುವುದೇ ಸರಿ. ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂಥ ಮಲೆನಾಡಿನ ಊರುಗಳಲ್ಲಿ ಮಳೆಗಾಲಕ್ಕೆ ಬಟ್ಟೆ ಒಣಗುವುದಿಲ್ಲ; ಡಯಾಪರ್ ಅನಿವಾರ್ಯವಾಗುವುದು ಆಗಲೇ. ಮಗುವಿನ ಈಚಿನ ತೂಕ ಅಂಗನವಾಡಿಯಲ್ಲಿ ತಿಳಿಯುತ್ತದೆ.

ಪೊಟ್ಟಣಗಳ ಮೇಲೆ ಸಾಮಾನ್ಯವಾಗಿ ಎಸ್‌ಗೆ 4–8, ಎಂಗೆ 7–12 ಕೆ.ಜಿ. ಎಂದಿರುತ್ತದೆ. ಹಾಗಾಗಿ 7.5 ಕೆ.ಜಿ. ಮಗುವಿಗೆ ಎರಡೂ ಹೊಂದಬಹುದು. ಎಸ್ ತೊಡಿಸಿದಾಗ ಸೊಂಟದ ಪಟ್ಟಿ ಹೊಕ್ಕುಳಿನ ಕೆಳಗೇ ನಿಂತರೆ, ತೊಡೆಯ ಕೆಂಪು ಗುರುತು ಬೇಗ ಮಾಯವಾಗದಿದ್ದರೆ, ಬೆನ್ನಿನ ಕಡೆ ಸೋರಿದರೆ ಅದು ಚಿಕ್ಕದಾಗಿದೆ. ಎಂ ತೊಡಿಸಿದಾಗ ತೊಡೆಯ ಸುತ್ತ ಸಂದು ಉಳಿದು ಅಲ್ಲಿಂದ ಸೋರಿದರೆ ಅದಿನ್ನೂ ದೊಡ್ಡದು. ಸೊಂಟದಲ್ಲಿ ಎರಡು ಬೆರಳು ಸಲೀಸಾಗಿ ತೂರಬೇಕು. ಗುರುತಿನ ಬದಲು ಚರ್ಮವೇ ಕೆಂಪಾಗಿ ಗುಳ್ಳೆ ಎದ್ದರೆ ಕಾರಣ ಹೆಚ್ಚಾಗಿ ತೇವ. ಅದಕ್ಕೆ ಅಳತೆ ಬದಲಿಸಿದರೆ ಸಾಲದು, ವೈದ್ಯರಿಗೆ ತೋರಿಸಿ.