ಪದ ಪರಿಚಯ: ಸ್ವೈಪ್

ಇಂಗ್ಲಿಷಿನ ‘ಸ್ವೈಪ್’ ಗುಡಿಸುವುದೆಂಬ ಅರ್ಥದ ‘ಸ್ವೀಪ್’ ಪದದ ನಂಟ. ಯೂಟ್ಯೂಬ್ ಶಾರ್ಟ್ಸ್ ಮಾಡುವವರಿಗೆ ಸ್ವೈಪ್ ಎಂದರೆ ನೋಡುಗ ಬೆರಳಲ್ಲೇ ಗುಡಿಸಿ ಮುಂದೆ ಹೋದದ್ದು.

ದೋಸೆಯ 20 ಸೆಕೆಂಡಿನ ವಿಡಿಯೊ 100 ಜನರೆದುರು ಬಂದು, 45 ಮಂದಿ ಸರಿಸಿದರು ಎನ್ನೋಣ. ಉಳಿದವರ ಸರಾಸರಿ ವೀಕ್ಷಣೆ 24 ಸೆಕೆಂಡು, ಅಂದರೆ ಶೇಕಡಾ 120. ವಿಡಿಯೊ ಇರುವುದೇ 20 ಸೆಕೆಂಡು. ಮಿಕ್ಕದ್ದು ಲೂಪ್, ಮರುಸುತ್ತು. ಅಲ್ಲಿಗೆ ಅಡುಗೆ ರುಚಿಸಿದೆ, ಬಾಗಿಲೇ ಸರಿಯಿಲ್ಲ. ನೋಡುಗರ ಗ್ರಾಫ್ ಮೊದಲ ಸೆಕೆಂಡಿನಲ್ಲೇ ಕಡಿದಾಗಿ ಇಳಿದಿದ್ದರೆ ಅನುಮಾನ ಬೇಡ. ಅಲ್ಲಿರುವುದು ಬಹುತೇಕ ‘ಎಲ್ಲರಿಗೂ ನಮಸ್ಕಾರ’ (ಸೌಜನ್ಯವೇ, ಆದರೆ ದುಬಾರಿ). ಅದನ್ನು ಕತ್ತರಿಸಿ, ಕಾದ ಹೆಂಚಿಗೆ ಹಿಟ್ಟು ಬೀಳುವ ಚುಂಯ್ ಸದ್ದಿನಿಂದಲೇ ಆರಂಭಿಸಿ. ಕೊನೆಯಲ್ಲಿ ಮುಂದಿನ ದೋಸೆಗೆ ಸೌಟು ಎತ್ತಿದರೆ ಲೂಪ್ ಕೂಡ ಬೆಸುಗೆ ಕಾಣದಂತೆ ಕೂಡುತ್ತದೆ. ಒಮ್ಮೆಗೆ ಆರಂಭವೊಂದನ್ನೇ ಬದಲಿಸಿ ನೋಡಿ.