ಹಚಿಮಾನ್ ಕಳೆದುಕೊಂಡ ಬಿರುದು: ಜಪಾನಿನಲ್ಲಿ ಶಿಂತೋ-ಬೌದ್ಧ ಪ್ರತ್ಯೇಕೀಕರಣ

ಜಪಾನಿನ ಮೇಜಿ ಸರ್ಕಾರವು 1868ರಲ್ಲಿ ಹೊರಡಿಸಿದ ಆಜ್ಞೆಗಳ ಸರಣಿಯನ್ನು ಇತಿಹಾಸಕಾರರು ‘ಶಿಂಬುತ್ಸು ಬುನ್ರಿ’, ಅಂದರೆ ದೇವತೆಗಳ ಮತ್ತು ಬುದ್ಧರ ಪ್ರತ್ಯೇಕೀಕರಣ, ಎಂದು ಕರೆಯುತ್ತಾರೆ. ಬೇರೆ ಬೇರೆಯಾಗಿದ್ದ ಎರಡು ಧರ್ಮಗಳು ಎಂದೋ ಬೆರೆತಿದ್ದವು, ಸರ್ಕಾರವು ಅವುಗಳನ್ನು ಬಿಡಿಸಿತಷ್ಟೇ ಎಂಬ ಭಾವನೆಯನ್ನು ಈ ಹೆಸರು ಮೂಡಿಸುತ್ತದೆ. ಹಚಿಮಾನ್ ದೇವನ ಆರಾಧನೆಯ ಚರಿತ್ರೆಯು ಈ ಭಾವನೆಗೆ ಆಧಾರ ಒದಗಿಸುವುದಿಲ್ಲ.

ಹಚಿಮಾನನ ಮೂಲಕ್ಷೇತ್ರ ಕ್ಯೂಶೂ ದ್ವೀಪದ ಉಸಾ. ನಾರಾ ನಗರದ ತೋದಾಯ್‌ಜಿ ವಿಹಾರದಲ್ಲಿ ಬುದ್ಧನ ಬೃಹತ್ ಕಂಚಿನ ವಿಗ್ರಹವು ನಿರ್ಮಾಣವಾಗುತ್ತಿದ್ದಾಗ, 749ರಲ್ಲಿ ಈ ದೇವನನ್ನು ಅದರ ರಕ್ಷಕನಾಗಿ ರಾಜಧಾನಿಗೆ ಬರಮಾಡಿಕೊಳ್ಳಲಾಯಿತು. ಆ ಶತಮಾನ ಮುಗಿಯುವ ಮೊದಲೇ ಅವನಿಗೆ ‘ದಾಯ್‌ಬೊಸಾತ್ಸು’, ಎಂದರೆ ಮಹಾಬೋಧಿಸತ್ವ, ಎಂಬ ಬಿರುದು ದೊರೆಯಿತು. ಸ್ಥಳೀಯ ದೇವತೆಗಳು ಬುದ್ಧ-ಬೋಧಿಸತ್ವರು ಲೋಕಾನುಗ್ರಹಕ್ಕಾಗಿ ತಾಳಿದ ರೂಪಗಳೆಂಬ ‘ಹೊಂಜಿ ಸುಯಿಜಾಕು’ ಸಿದ್ಧಾಂತವು ಮುಂದೆ ಬೆಳೆದು, ಹಚಿಮಾನನ ಮೂಲರೂಪ ಅಮಿತಾಭನೆಂಬ ನಂಬಿಕೆ ವ್ಯಾಪಕವಾಯಿತು.

ಮಿನಾಮೋತೋ ಯೋರಿತೋಮೋ 1180ರಲ್ಲಿ ಕಾಮಾಕುರದ ಈಗಿನ ಸ್ಥಳಕ್ಕೆ ತಂದ ತ್ಸುರುಗಾವೊಕ ಕ್ಷೇತ್ರವು ಈ ಸಮನ್ವಯದ ಸಾಕಾರರೂಪವಾಗಿತ್ತು. ಅದರ ಹೆಸರಿನಲ್ಲಿಯೇ ದೇಗುಲ, ವಿಹಾರ ಎಂಬ ಎರಡೂ ಅರ್ಥಗಳಿದ್ದವು. ಹಚಿಮಾನನ ಸನ್ನಿಧಿಯಲ್ಲಿ ಬೌದ್ಧ ಭಿಕ್ಷುಗಳೇ ಸೂತ್ರಪಠನ ಮಾಡುತ್ತಿದ್ದರು. ದ್ವಾರಪಾಲಕರ ಮಹಾದ್ವಾರ, ಭೈಷಜ್ಯಗುರುವಿನ ಮಂದಿರ, ದೊಡ್ಡ ಸ್ತೂಪಗೋಪುರ ಒಂದೇ ಪ್ರಾಕಾರದಲ್ಲಿದ್ದವು.

1868ರ ಆಜ್ಞೆಗಳು ಮೊದಲು ಕೈಯಿಟ್ಟದ್ದು ಜನರ ಮೇಲೆ, ಅನಂತರ ಹೆಸರುಗಳ ಮೇಲೆ. ಚಾಂದ್ರಮಾನದ ಮೂರನೆಯ ತಿಂಗಳಿನಲ್ಲಿ, ದೇಗುಲಗಳಲ್ಲಿ ಸೇವೆ ಸಲ್ಲಿಸುತ್ತಿದ್ದ ಭಿಕ್ಷುಗಳು ಗೃಹಸ್ಥರಾಗಬೇಕೆಂದು ವಿಧಿಸಲಾಯಿತು. ಬುದ್ಧವಿಗ್ರಹಗಳನ್ನು ದೇವತಾಸ್ವರೂಪವಾಗಿ ಇಡುವುದನ್ನು ನಿಷೇಧಿಸಲಾಯಿತು. ನಾಲ್ಕನೆಯ ತಿಂಗಳಿನಲ್ಲಿ ಹಚಿಮಾನನ ಮಹಾಬೋಧಿಸತ್ವ ಬಿರುದನ್ನೇ ರದ್ದುಗೊಳಿಸಲಾಯಿತು. ಆಜ್ಞೆಗಳಲ್ಲಿ ವಿಧ್ವಂಸದ ಆದೇಶವಿರಲಿಲ್ಲ. ದೌರ್ಜನ್ಯ ಕೂಡದೆಂದು ಸರ್ಕಾರವು ಎಚ್ಚರಿಕೆಯನ್ನೂ ನೀಡಿತು. ಆದರೆ ತೆರವುಗೊಳಿಸಿದ ವಸ್ತುಗಳ ಸಂರಕ್ಷಣೆಗೆ ಅವು ವ್ಯವಸ್ಥೆ ಮಾಡಲಿಲ್ಲ.

ತ್ಸುರುಗಾವೊಕದ ಭಿಕ್ಷುಗಳು ಕೂದಲು ಬೆಳೆಸಿ ಶಿಂತೋ ಅರ್ಚಕರಾದರು. 1870ರಲ್ಲಿ ಸ್ತೂಪಗೋಪುರವೂ ಸೇರಿದಂತೆ ಬೌದ್ಧ ಕಟ್ಟಡಗಳನ್ನು ಕೆಡವಲಾಯಿತು. ದ್ವಾರಪಾಲಕ ವಿಗ್ರಹಗಳು ಸಮೀಪದ ಜುಫುಕುಜಿ ವಿಹಾರವನ್ನು ಸೇರಿದವು. ಆ ಗೋಪುರದ ಆಕಾರವನ್ನು ಇಂದು ನಾವು ಕಾಣುವುದು ಫೆಲಿಚೆ ಬೇಯಾಟೋ 1860ರ ದಶಕದಲ್ಲಿ ತೆಗೆದ ಛಾಯಾಚಿತ್ರಗಳಲ್ಲಿ.

ಇಲ್ಲಿ ಎರಡು ಸಮುದಾಯಗಳು ಬೇರ್ಪಡಲಿಲ್ಲ ಎಂಬುದು ಗಮನಾರ್ಹ. ಅದೇ ಜನ, ಅದೇ ಸ್ಥಳ, ಅದೇ ದೇವ ಉಳಿದರು. ಹೋದದ್ದು ಅವರ ಆರಾಧನೆಯ ಒಂದು ಪಾಲು. ಇಂದು ಅಲ್ಲಿ ಕಾಣುವ ‘ಶುದ್ಧ’ ಶಿಂತೋ ದೇಗುಲವನ್ನು ಪ್ರಾಚೀನ ಸ್ಥಿತಿಯ ಮರುಸ್ಥಾಪನೆಯೆಂದಲ್ಲ, ಹತ್ತೊಂಬತ್ತನೆಯ ಶತಮಾನದ ರಾಜಾಜ್ಞೆಯ ನಿರ್ಮಿತಿಯೆಂದು ಪರಿಗಣಿಸುವುದು ಸಮಂಜಸ.